ದತ್ತು ಆದೇಶದ ಜೊತೆ ಇನ್ನೊಂದು ಹಾಳೆ ಕೊಡಿ: ಜಿಲ್ಲಾಧಿಕಾರಿಗಳಿಗೆ ಒಬ್ಬ ತಾಯಿಯ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಮಂಡ್ಯ ಜಿಲ್ಲೆ
ಮಾನ್ಯ ಜಿಲ್ಲಾಧಿಕಾರಿಗಳು, ಮೈಸೂರು ಜಿಲ್ಲೆ

ಮಾನ್ಯರೇ,

ನಮಸ್ಕಾರ. ನಾನು ಮಂಡ್ಯ ಜಿಲ್ಲೆಯ ಒಂದು ಸಣ್ಣ ಊರಿನವಳು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ನಮ್ಮ ಯಜಮಾನರದು ಸಣ್ಣ ಅಂಗಡಿ. ನಮಗೆ ಒಬ್ಬಳು ಮಗಳು. ಐದೂವರೆ ವರ್ಷದವಳಿದ್ದಾಗ ಬೇರೆ ಜಿಲ್ಲೆಯ ಒಂದು ದತ್ತು ಸಂಸ್ಥೆಯಿಂದ ನಮ್ಮ ಮನೆಗೆ ಬಂದಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಳೆಯ ಹೆಸರನ್ನೂ ಬರೆಯುವುದಿಲ್ಲ, ಹೊಸದನ್ನೂ ಬರೆಯುವುದಿಲ್ಲ. ನನ್ನ ಹೆಸರನ್ನೂ ಬರೆದಿಲ್ಲ. ಯಾಕೆ ಅಂತ ಪತ್ರ ಓದುತ್ತಾ ನಿಮಗೇ ಗೊತ್ತಾಗುತ್ತದೆ.

ಯಾವುದೋ ಒಂದು ಕಚೇರಿಯ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ನಾವು ಹೋದ ಕಡೆಯೆಲ್ಲಾ ಹೆಚ್ಚಿನವರು ಒಳ್ಳೆಯವರೇ ಇದ್ದರು. ಆದರೆ ದತ್ತು ಆದೇಶ ಕೈಗೆ ಬಂದ ಮೇಲೆ ಮಗುವಿನ ಯಾವ ದಾಖಲೆ ಮೊದಲು ಬದಲಾಗಬೇಕು, ಯಾವುದು ಆಮೇಲೆ ಅನ್ನುವುದನ್ನು ನಮಗೆ ಯಾರೂ ಹೇಳಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ನಾವು ತಪ್ಪು ಕಡೆಯಿಂದ ಶುರು ಮಾಡಿದೆವು. ನಾವು ಓಡಾಡಿದ್ದು ಒಂದು ಕಡೆ ಇರಲಿ, ಅದರ ಬೆಲೆಯನ್ನು ನಮ್ಮ ಮಗಳೇ ತೆತ್ತಳು.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ಮಗು ಮನೆಗೆ ಬಂದಾಗ ಇನ್ನೂ ಆದೇಶ ಆಗಿರಲಿಲ್ಲ. ದತ್ತು ಪೂರ್ವ ಪೋಷಣೆ ಅಂತ ನಮ್ಮ ಕೈಗೆ ಕೊಟ್ಟಿದ್ದರು. ಅಷ್ಟರಲ್ಲಿ ಜೂನ್ ಬಂತು. ಶಾಲೆಗೆ ಸೇರಿಸಬೇಕಿತ್ತು. ಅವಳ ಬಳಿ ಇದ್ದ ಒಂದೇ ಗುರುತಿನ ಕಾಗದ ಸಂಸ್ಥೆಯವರು ಮಾಡಿಸಿದ್ದ ಆಧಾರ್. ಅದರಲ್ಲಿ ಸಂಸ್ಥೆಯಲ್ಲಿ ಕರೆಯುತ್ತಿದ್ದ ಹೆಸರು, ಸಂಸ್ಥೆಯ ವಿಳಾಸ, ಹುಟ್ಟಿದ ದಿನ ಜನವರಿ 1. ಮಗು ಹುಟ್ಟಿದ ದಿನ ಸರಿಯಾಗಿ ಗೊತ್ತಿಲ್ಲದಾಗ ಹಾಗೆ ಅಂದಾಜಿನಲ್ಲಿ ಹಾಕುವುದುಂಟು. ಶಾಲೆಯವರು ಅದನ್ನೇ ನೋಡಿ ದಾಖಲಾತಿ ಪುಸ್ತಕದಲ್ಲೂ ಶಿಕ್ಷಣ ಇಲಾಖೆ ಮಕ್ಕಳ ವಿವರ ಇಡುವ ಕಂಪ್ಯೂಟರ್ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲೂ ಹಳೆಯ ಹೆಸರನ್ನೇ ಬರೆದುಕೊಂಡರು. ಆಗ ಬೇರೆ ದಾರಿ ಇರಲಿಲ್ಲ, ಅದಕ್ಕೆ ಬೇಸರವಿಲ್ಲ.

ಕೆಲವು ತಿಂಗಳಾದ ಮೇಲೆ ಆದೇಶ ಬಂತು. ಅವಳನ್ನು ಕೇಳಿಯೇ ಇಟ್ಟ ಹೊಸ ಹೆಸರು ಅದರಲ್ಲಿತ್ತು. ಹುಟ್ಟಿದ ತಾರೀಖು ಇತ್ತು, ಅದು ಜನವರಿ 1 ಅಲ್ಲ. ತಂದೆ ತಾಯಿ ಅಂತ ನಮ್ಮಿಬ್ಬರ ಹೆಸರಿತ್ತು. ಆ ದಿನ ಸಂಜೆ ಅವಳ ಶಾಲೆ ಬ್ಯಾಗಿನ ಒಳಗೆ ಹೊಸ ಹೆಸರನ್ನು ನೀಲಿ ದಾರದಲ್ಲಿ ಕಸೂತಿ ಹಾಕಿದೆ. ಪಕ್ಕದಲ್ಲೇ ಕೂತು ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿದಳು.

ಮಾರನೇ ವಾರ ನಾವು ಮೊದಲು ಹೋಗಿದ್ದು ಆಧಾರ್ ಕೇಂದ್ರಕ್ಕೆ. ಎಲ್ಲರೂ ಕೇಳುವುದು ಆಧಾರ್ ತಾನೆ, ಅದನ್ನು ಸರಿ ಮಾಡಿಸಿದರೆ ಉಳಿದದ್ದು ತಾನಾಗಿ ಸರಿಯಾಗುತ್ತದೆ ಅಂದುಕೊಂಡೆವು. ನಮ್ಮ ಮೊದಲ ತಪ್ಪು ಅದೇ.

ಅಲ್ಲಿದ್ದ ಹುಡುಗ, "ಹಳೇದು ಯಾಕೆ ಮೇಡಂ, ಹೊಸ ಹೆಸರಲ್ಲಿ ಹೊಸದೇ ಮಾಡಿಬಿಡೋಣ" ಅಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಮಾಡಿಸಿದೆವು. ಕೆಲವು ವಾರ ಕಾದ ಮೇಲೆ ತಿರಸ್ಕಾರವಾಗಿದೆ ಅಂತ ಬಂತು. ಕಾರಣ ಆಮೇಲೆ ತಿಳಿಯಿತು. 5 ವರ್ಷದೊಳಗಿನ ಮಕ್ಕಳ ಆಧಾರ್‌ಗೆ ಬೆರಳಚ್ಚು, ಕಣ್ಣಿನ ಗುರುತು ತೆಗೆಯುವುದಿಲ್ಲ. 5 ತುಂಬಿದ ಮೇಲೆ ತೆಗೆಯುತ್ತಾರೆ. ನಮ್ಮವಳಿಗೆ ಸಂಸ್ಥೆಯಲ್ಲಿದ್ದಾಗಲೇ ತೆಗೆದಿದ್ದರು. ಅದೇ ಬೆರಳು ಎರಡನೇ ಸಲ ಬೇರೆ ಹೆಸರಲ್ಲಿ ಬಂದರೆ ಯಂತ್ರ ಒಪ್ಪುವುದಿಲ್ಲ. ಒಬ್ಬರಿಗೆ ಒಂದೇ ಸಂಖ್ಯೆ. ದತ್ತು ಹೋದ ಮಗುವಿಗೂ ಹಳೆಯ ಸಂಖ್ಯೆಯೇ ಮುಂದುವರಿಯುತ್ತದೆ, ಅದರೊಳಗಿನ ವಿವರ ಮಾತ್ರ ಬದಲಾಗಬೇಕು.

ಸರಿ, ಹಳೆಯದರಲ್ಲೇ ಹೆಸರು ಬದಲಿಸೋಣ ಅಂತ ಇನ್ನೊಂದು ಕೇಂದ್ರಕ್ಕೆ ಹೋದೆವು. ಆದೇಶ ತೋರಿಸಿದರೆ, "ಇದು ನಮ್ಮ ಪಟ್ಟಿಯಲ್ಲಿ ಹೇಗೆ ಬರುತ್ತೋ ಗೊತ್ತಿಲ್ಲ, ಗೆಜೆಟೆಡ್ ಅಧಿಕಾರಿ ಸಹಿ ಮಾಡಿದ ನಮೂನೆ ತನ್ನಿ" ಅಂದರು. ತಂದೆವು. ಆತುರದಲ್ಲಿ ತುಂಬಿದ ಆ ನಮೂನೆಯಲ್ಲಿ ಹೆಸರಿನ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು 'ಎಚ್' ಬಿಟ್ಟುಹೋಗಿತ್ತು. ಆಧಾರ್‌ನಲ್ಲಿ ಹೆಸರು ಬದಲಾಯಿತು, 'ಎಚ್' ಇಲ್ಲದೆ. ಹುಟ್ಟಿದ ತಾರೀಖಿಗೆ ಜನನ ಪ್ರಮಾಣಪತ್ರ ಬೇಕು ಅಂದರು, ಹಾಗಾಗಿ ಜನವರಿ 1 ಹಾಗೇ ಉಳಿಯಿತು.

ಆಮೇಲೆ ಜನನ ಪ್ರಮಾಣಪತ್ರ ಬಂತು. ಅದು ಆದೇಶದಲ್ಲಿದ್ದಂತೆ, 'ಎಚ್' ಸಮೇತ. ಈಗ ಎರಡು ಕಾಗದ, ಎರಡು ಹೆಸರು. ಮತ್ತೆ ಆಧಾರ್‌ಗೆ ಹೋಗಿ ಹೆಸರು ಎರಡನೇ ಸಲ ಬದಲಿಸಿದೆವು, ತಾರೀಖು ಮೊದಲ ಸಲ ಬದಲಿಸಿದೆವು. ಆಗ ಅಲ್ಲಿದ್ದ ಹಿರಿಯರೊಬ್ಬರು ಹೇಳಿದರು: "ಅಮ್ಮಾ, ಹೆಸರು ಜೀವನದಲ್ಲಿ ಎರಡೇ ಸಲ ಬದಲಿಸೋಕೆ ಆಗೋದು. ತಾರೀಖು ಒಂದೇ ಸಲ. ನಿಮ್ಮ ಮಗಳದ್ದು ಎರಡೂ ಮುಗೀತು." ಇನ್ನು ಏನಾದರೂ ಬದಲಿಸಬೇಕೆಂದರೆ ಆಧಾರ್ ಪ್ರಾದೇಶಿಕ ಕಚೇರಿಗೆ ವಿಶೇಷ ಮನವಿ ಸಲ್ಲಿಸಬೇಕು. ಅವಳಿಗೆ ಆಗ ಏಳು ವರ್ಷ ಕೂಡ ಆಗಿರಲಿಲ್ಲ. ಮುಂದೆ ದೊಡ್ಡವಳಾಗಿ ತನ್ನ ಇಷ್ಟಕ್ಕೆ ಹೆಸರಿಗೆ ಏನೋ ಸೇರಿಸಿಕೊಳ್ಳಬೇಕು ಅನ್ನಿಸಿದರೆ, ಆ ಅವಕಾಶವನ್ನು ನಾವು ಒಂದು ಅಕ್ಷರಕ್ಕೆ ಖರ್ಚು ಮಾಡಿಬಿಟ್ಟಿದ್ದೆವು. ಬಟ್ಟೆ ಕತ್ತರಿಸಿದ ಮೇಲೆ ಅಳತೆ ತೆಗೆದ ಹಾಗಾಯಿತು.

ಮಾನ್ಯರೇ, ಮೊದಲು ಬದಲಾಗಬೇಕಾದದ್ದು ಜನನ ಪ್ರಮಾಣಪತ್ರ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಆದೇಶದಿಂದ ಜನನ ಪ್ರಮಾಣಪತ್ರ, ಅದರಿಂದ ಆಧಾರ್, ಆಧಾರ್ ಆದ ಮೇಲೆ ಶಾಲೆ. ರೇಷನ್ ಕಾರ್ಡ್, ಬ್ಯಾಂಕ್, ಪಾಸ್‌ಪೋರ್ಟ್ ಎಲ್ಲಾ ಅದರ ಹಿಂದೆ. ಒಂದು ಹೆಜ್ಜೆ ತಪ್ಪಿದರೆ ಹಿಂದಿನದೆಲ್ಲಾ ಎರಡೆರಡು ಸಲ.

ಜನನ ಪ್ರಮಾಣಪತ್ರವೇ ಯಾಕೆ ಮೊದಲು? ಆದೇಶದಲ್ಲಿರುವ ಹೆಸರು, ತಾರೀಖು, ತಂದೆ ತಾಯಿ ಹೆಸರು ನೇರವಾಗಿ ಇಳಿಯುವ ಮೊದಲ ಕಾಗದ ಅದು. ದತ್ತು ನಿಯಮಗಳಲ್ಲೇ ಇದೆ: ದತ್ತು ಪಡೆದವರನ್ನೇ ತಂದೆ ತಾಯಿ ಅಂತ ನಮೂದಿಸಿ, ಆದೇಶದಲ್ಲಿರುವ ಹುಟ್ಟಿದ ದಿನವನ್ನೇ ಹಾಕಿ ಜನನ ಪ್ರಮಾಣಪತ್ರ ಕೊಡಬೇಕು. ಅರ್ಜಿಯನ್ನು ದತ್ತು ಸಂಸ್ಥೆಯವರೂ ಹಾಕಬಹುದು, ತಂದೆ ತಾಯಿಯೂ ಹಾಕಬಹುದು. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯಲ್ಲಿ ಸಂಸ್ಥೆಯಿಂದ ದತ್ತು ಹೋದ ಮಗುವಿನ ಜನನದ ಮಾಹಿತಿ ಕೊಡುವ ಹೊಣೆ ಸಂಸ್ಥೆಯ ಮುಖ್ಯಸ್ಥರದ್ದು ಅಂತಲೂ ಸೇರಿಸಿದ್ದಾರೆ. ಅದೇ ತಿದ್ದುಪಡಿಯ ಪ್ರಕಾರ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗಾಗಲಿ ಪಾಸ್‌ಪೋರ್ಟಿಗಾಗಲಿ ಹುಟ್ಟಿದ ದಿನ ತೋರಿಸಲು ಜನನ ಪ್ರಮಾಣಪತ್ರವೇ ಪುರಾವೆ. ಈಗ ಕೂಸುಗಳನ್ನು ಮನೆಗೆ ತರುತ್ತಿರುವ ತಂದೆ ತಾಯಿಗೆ ಇದು ಇನ್ನೂ ಮುಖ್ಯ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಹೊಸ ಜನನ ಪ್ರಮಾಣಪತ್ರ ಕೈಯಲ್ಲಿದ್ದರೆ ಹೋದ ಹೋದ ಕಡೆಯೆಲ್ಲಾ ದತ್ತು ಆದೇಶ ತೆಗೆದು ತೋರಿಸಬೇಕಾಗಿಲ್ಲ. ಆದೇಶವನ್ನು ಬೀರುವಿನಲ್ಲಿ ಇಡಬಹುದು. ಅದಿಲ್ಲದೆ ನಾವು ಆರು ತಿಂಗಳು ಆದೇಶವನ್ನೇ ಹಿಡಿದು ತಿರುಗಿದೆವು. ಒಂದು ಕೌಂಟರಿನಲ್ಲಿ ಅದನ್ನು ತೆಗೆದುಕೊಂಡವರು ಮೊದಲ ಸಾಲನ್ನು ಜೋರಾಗಿ ಓದಿ, "ಓ, ದತ್ತು ಮಗುನಾ? ಸ್ವಂತದ್ದಲ್ವಾ?" ಅಂದರು. ಹಿಂದೆ ಹತ್ತು ಜನ ನಿಂತಿದ್ದರು. ಮಗಳು ನನ್ನ ಸೆರಗು ಹಿಡಿದು ನಿಂತಿದ್ದಳು. ಹೊರಗೆ ಬಂದ ಮೇಲೆ ಕೇಳಿದಳು: "ಅಮ್ಮಾ, ಅವ್ರು ಕೇಳಿದ್ರೆ ನಾನು ಯಾವ ಹೆಸ್ರು ಹೇಳ್ಬೇಕು?"

ದತ್ತು ಅನ್ನುವುದನ್ನು ನಾವು ಅವಳಿಂದ ಮುಚ್ಚಿಟ್ಟಿಲ್ಲ. ಅವಳಿಗೆ ಗೊತ್ತು, ನೆನಪೂ ಇದೆ. ಆದರೆ ಅದನ್ನು ಯಾರಿಗೆ, ಯಾವಾಗ ಹೇಳಬೇಕು ಅನ್ನುವುದು ಅವಳಿಗೆ ಬಿಟ್ಟದ್ದು. ಕೌಂಟರಿನ ಹಿಂದೆ ಕೂತವರಿಗಲ್ಲ. ದತ್ತು ಆದೇಶ ಜಾರಿಯಾದ ದಿನದಿಂದ ಮಗು ಎಲ್ಲಾ ರೀತಿಯಲ್ಲೂ ದತ್ತು ಪಡೆದವರ ಮಗುವೇ ಅಂತ ಬಾಲ ನ್ಯಾಯ ಕಾಯ್ದೆಯ 63ನೇ ಸೆಕ್ಷನ್ ಹೇಳುತ್ತದೆ. 74ನೇ ಸೆಕ್ಷನ್ ಇಂಥ ಮಕ್ಕಳ ಗುರುತು ಬಯಲು ಮಾಡುವುದನ್ನು ತಡೆಯುತ್ತದೆ, ಮಾಡಿದವರಿಗೆ ಶಿಕ್ಷೆಯೂ ಇದೆ. ಈ ಪತ್ರದಲ್ಲಿ ಯಾರ ಹೆಸರೂ ಇಲ್ಲದಿರುವುದು ಅದಕ್ಕೇ.

ಹಾಗಾದರೆ ಜನನ ಪ್ರಮಾಣಪತ್ರ ಯಾಕೆ ತಡವಾಯಿತು? ಎರಡು ಕಾರಣ. ನಾವು ಮೊದಲು ನಮ್ಮ ಊರಿನ ನೋಂದಣಿ ಕಚೇರಿಯಲ್ಲೇ ಕೇಳಿದೆವು. ಮಗು ಎಲ್ಲಿದೆಯೋ ಅಲ್ಲೇ ಸಿಗುತ್ತದೆ ಅಂದುಕೊಂಡಿದ್ದೆವು. ನಮ್ಮ ಮಗಳ ಜನನ ಎಲ್ಲೂ ನೋಂದಣಿ ಆಗಿರಲಿಲ್ಲ, ಹಾಗಾಗಿ ದತ್ತು ಸಂಸ್ಥೆ ಇರುವ ಊರಿನಲ್ಲೇ ಅದು ಆಗಬೇಕಿತ್ತು. ಆಸ್ಪತ್ರೆಯಲ್ಲಿ ಹುಟ್ಟಿ ಮೊದಲೇ ನೋಂದಣಿಯಾದ ಮಗುವಾದರೆ ಆ ನೋಂದಣಿ ಎಲ್ಲಿದೆಯೋ ಅಲ್ಲಿಗೇ ಹೋಗಬೇಕು. ಇದನ್ನು ಆದೇಶ ಕೊಡುವ ದಿನವೇ ಒಂದು ಸಾಲಿನಲ್ಲಿ ಹೇಳಿದ್ದರೆ ನಮಗೆ ಎರಡು ತಿಂಗಳು ಉಳಿಯುತ್ತಿತ್ತು.

ಎರಡನೆಯದು, ಅಲ್ಲಿ ಹೋದಾಗಲೂ "ಇದು ಡಿ.ಸಿ. ಆದೇಶ, ಕೋರ್ಟ್ ಆರ್ಡರ್ ತನ್ನಿ" ಅಂದರು. ಮೊದಲು ದತ್ತು ಆದೇಶ ನ್ಯಾಯಾಲಯದಿಂದ ಬರುತ್ತಿತ್ತು, ನಿಜ. ಬಾಲ ನ್ಯಾಯ ಕಾಯ್ದೆಯ 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೇಲೆ ಆ ಅಧಿಕಾರ ನಿಮ್ಮಂಥ ಜಿಲ್ಲಾಧಿಕಾರಿಗಳಿಗೆ ಬಂದಿದೆ. ಕೆಳಗಿನ ಮೇಜುಗಳಿಗೆ ಆ ಸುದ್ದಿ ಇನ್ನೂ ಸರಿಯಾಗಿ ಮುಟ್ಟಿಲ್ಲ. ಇಲ್ಲದ ಕೋರ್ಟ್ ಆದೇಶವನ್ನು ನಾವು ಎಲ್ಲಿಂದ ತರೋಣ? ಕೊನೆಗೆ ಮಕ್ಕಳ ರಕ್ಷಣಾ ಘಟಕದವರು ಫೋನ್ ಮಾಡಿ ಹೇಳಿದ ಮೇಲೆ ಕೆಲಸವಾಯಿತು. ಫೋನ್ ಮಾಡಿಸಲು ಆಗದವರು ಏನು ಮಾಡುತ್ತಾರೆ?

ಇನ್ನು ಶಾಲೆಯ ವಿಷಯ. ಇಲ್ಲೇ ಗಂಟು ಜಾಸ್ತಿ. ಹೊಸ ಜನನ ಪ್ರಮಾಣಪತ್ರದಲ್ಲಿ ಹಳೆಯ ಹೆಸರು ಇರುವುದಿಲ್ಲ, ಇರಲೂಬಾರದು. ಶಾಲೆಯ ಪುಸ್ತಕದಲ್ಲಿ ಇರುವುದು ಹಳೆಯ ಹೆಸರು. ಇಬ್ಬರೂ ಒಂದೇ ಮಗು ಅಂತ ಮುಖ್ಯ ಶಿಕ್ಷಕರು ಹೇಗೆ ನಂಬಬೇಕು? ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆಧಾರ್ ಮೊದಲು ಸರಿಯಾಗಿದ್ದರೆ ಅರ್ಧ ಕೆಲಸ ಮುಗಿದ ಹಾಗೆ, ಯಾಕೆಂದರೆ ಹೆಸರು ಬದಲಾದರೂ ಸಂಖ್ಯೆ ಅದೇ. ಶಾಲೆಯ ಕಂಪ್ಯೂಟರಿನಲ್ಲಿ ಮಗುವಿನ ಹೆಸರನ್ನು ಆಧಾರ್ ಜೊತೆ ಹೋಲಿಸಿ ನೋಡುತ್ತಾರೆ. ಅಲ್ಲಿ ಹೊಂದದಿದ್ದರೆ ವಿದ್ಯಾರ್ಥಿಗಳಿಗೆ ಕೊಡುವ ಅಪಾರ್ ಅನ್ನುವ ಗುರುತಿನ ಸಂಖ್ಯೆಯೂ ಆಗುವುದಿಲ್ಲ. ಅದಕ್ಕೇ ಆಧಾರ್ ಆದ ಮೇಲೆ ಶಾಲೆ ಅಂತ ನಾನು ಹೇಳುವುದು.

ನಮ್ಮ ವಿಷಯದಲ್ಲಿ ಏನಾಯಿತು ಗೊತ್ತೇ? "ನೋಟರಿ ಅಫಿಡವಿಟ್ ಮಾಡಿಸಿ, ಎರಡು ಪೇಪರಿನಲ್ಲಿ ಹೆಸರು ಬದಲಾವಣೆ ಜಾಹೀರಾತು ಕೊಡಿ" ಅಂದರು. ದೊಡ್ಡವರು ತಮ್ಮ ಹೆಸರು ತಾವೇ ಬದಲಿಸಿಕೊಂಡಾಗ ಹಾಗೆ ಮಾಡುವ ರೂಢಿ ಇದೆ. ಆದರೆ ಇಂಥ ಹೆಸರಿನ ಮಗು ಇನ್ನು ಮುಂದೆ ಇಂಥವರ ಮಗಳು ಅಂತ ಪೇಪರಿನಲ್ಲಿ ಹಾಕಿದರೆ, ಕಾನೂನು ಮುಚ್ಚಿಡಿ ಅಂದದ್ದನ್ನು ನಾವೇ ದುಡ್ಡು ಕೊಟ್ಟು ಸಾರಿದ ಹಾಗಲ್ಲವೇ? ನಾವು ಒಪ್ಪಲಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಅರ್ಜಿ ಕೊಟ್ಟು, ಆದೇಶವನ್ನು ಒಬ್ಬರಿಗೆ ಮಾತ್ರ ತೋರಿಸಿ, ಸ್ಯಾಟ್ಸ್‌ನಲ್ಲಿ ಹೆಸರು ಬದಲಾಯಿಸಿಕೊಂಡೆವು.

ಅಷ್ಟಾದರೂ ದಾಖಲಾತಿ ಪುಸ್ತಕ ನೋಡಿದಾಗ ಎದೆ ಹಿಂಡಿದ ಹಾಗಾಯಿತು. ಹಳೆಯ ಹೆಸರಿನ ಮೇಲೆ ಕೆಂಪು ಶಾಯಿಯ ಒಂದು ಗೆರೆ, ಮೇಲೆ ಹೊಸ ಹೆಸರು, ಷರಾ ಕಾಲಂನಲ್ಲಿ 'ದತ್ತು ಪುತ್ರಿ' ಅಂತ ದುಂಡಗಿನ ಅಕ್ಷರ. ಈ ಷರಾ ನಾಳೆ ವರ್ಗಾವಣೆ ಪತ್ರಕ್ಕೆ ಇಳಿದರೆ ಅವಳು ಓದುವ ಪ್ರತಿ ಶಾಲೆಗೂ ಅದು ಹಿಂದೆಯೇ ಹೋಗುತ್ತದೆ. 'ಸಕ್ಷಮ ಪ್ರಾಧಿಕಾರದ ಆದೇಶದಂತೆ ತಿದ್ದಲಾಗಿದೆ', ಅದರ ಮುಂದೆ ಆದೇಶದ ಸಂಖ್ಯೆ, ಇಷ್ಟು ಬರೆದರೆ ಸಾಲದೇ? ತಿದ್ದುಪಡಿಗೆ ಆಧಾರವೂ ಸಿಕ್ಕಿತು, ಮಗುವಿನ ಮಾನವೂ ಉಳಿಯಿತು. ಈ ಕೆಲಸ ಚಿಕ್ಕ ತರಗತಿಯಲ್ಲೇ ಮುಗಿಯಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೆಸರು ಹೋಗುವುದು ಶಾಲೆಯ ದಾಖಲೆಯಿಂದಲೇ. ಅಂಕಪಟ್ಟಿ ಅಚ್ಚಾದ ಮೇಲೆ ಅದನ್ನು ತಿದ್ದಿಸುವುದು ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಬದಲಾಯಿಸಬಾರದ ಕಾಗದಗಳ ಬಗ್ಗೆಯೂ ಒಂದು ಮಾತು. ಸಂಸ್ಥೆಯಿಂದ ಬಂದ ಲಸಿಕೆ ಕಾರ್ಡ್, ವೈದ್ಯಕೀಯ ವರದಿ, ಮಗುವಿನ ಹಿನ್ನೆಲೆ ಬರೆದ ಅಧ್ಯಯನ ವರದಿ ಇವನ್ನು ತಿದ್ದುವುದೂ ಬೇಡ, ಹರಿಯುವುದೂ ಬೇಡ. ಕೆಲವರು ಹಳೆಯದೆಲ್ಲಾ ಸುಟ್ಟುಬಿಡಿ ಅಂತ ನಮಗೂ ಹೇಳಿದರು. ದೊಡ್ಡವಳಾದ ಮೇಲೆ ತನ್ನ ಬೇರು ಹುಡುಕಬೇಕು ಅನ್ನಿಸಿದರೆ ಅದಕ್ಕೆ ದತ್ತು ನಿಯಮದಲ್ಲೇ ದಾರಿ ಇದೆ. ಆ ಕಾಗದಗಳನ್ನು ಅವಳು ಬಂದ ದಿನ ತೊಟ್ಟಿದ್ದ ಹಳದಿ ಫ್ರಾಕಿನ ಜೊತೆ ಒಂದು ಟ್ರಂಕಿನಲ್ಲಿ ಇಟ್ಟಿದ್ದೇನೆ. ಹಳೆಯ ಹೆಸರನ್ನೂ ನಾವು ಬಿಟ್ಟಿಲ್ಲ. ಮನೆಯಲ್ಲಿ ಅವಳನ್ನು ಇಂದಿಗೂ ಅದರಲ್ಲೇ ಕೂಗುತ್ತೇವೆ.

ಈಗ ನಿಮ್ಮಲ್ಲಿ ನಮ್ಮ ಬೇಡಿಕೆ.

ದತ್ತು ಆದೇಶದ ಪ್ರತಿ ಕೊಡುವಾಗ ಕನ್ನಡದಲ್ಲಿ ಒಂದು ಹಾಳೆ ಜೊತೆಗೆ ಕೊಡಿಸಿ. ಮೊದಲು ಜನನ ಪ್ರಮಾಣಪತ್ರ, ಯಾವ ಊರಿನ ಯಾವ ಕಚೇರಿ, ಆಮೇಲೆ ಆಧಾರ್, ಹೆಸರು ತಾರೀಖು ವಿಳಾಸ ಒಂದೇ ಸಲ, ಹೊಸ ನೋಂದಣಿ ಬೇಡ, ಆಮೇಲೆ ಶಾಲೆ. ಇಷ್ಟಿದ್ದರೆ ಸಾಕು. ಬೇರೆ ಜಿಲ್ಲೆಯ ಆದೇಶ ಹಿಡಿದು ನಿಮ್ಮ ಜಿಲ್ಲೆಗೆ ಬರುವ ನಮ್ಮಂಥವರಿಗೂ ಅದು ಮಕ್ಕಳ ರಕ್ಷಣಾ ಘಟಕದಲ್ಲಿ ಸಿಗಲಿ.

ಆದೇಶಕ್ಕೆ ಸಹಿ ಬೀಳುವ ಮೊದಲು ಅದರ ಕರಡನ್ನು ತಂದೆ ತಾಯಿಗೆ ಒಮ್ಮೆ ಓದಲು ಕೊಡಿ. ಮಗುವಿನ ಹೆಸರು ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ ಹೇಗೆ ಬರೆದಿದೆ, ನಮ್ಮ ಹೆಸರು ನಮ್ಮ ಆಧಾರ್‌ನಲ್ಲಿ ಇರುವಂತೆಯೇ ಇದೆಯೇ ಅಂತ ನೋಡಿಕೊಳ್ಳಲು ಹತ್ತು ನಿಮಿಷ ಸಾಕು. ಅಲ್ಲಿ ತಪ್ಪಾದ ಒಂದು ಅಕ್ಷರ ಆಮೇಲೆ ಪ್ರತಿ ಕಾಗದಕ್ಕೂ ಇಳಿಯುತ್ತದೆ.

ಹಳೆಯ ಹೆಸರಿನ ಮಗು, ಹೊಸ ಹೆಸರಿನ ಮಗು ಒಂದೇ ಅಂತ ನಿಮ್ಮ ಕಚೇರಿಯಿಂದ ಒಂದು ದೃಢೀಕರಣ ಪತ್ರ ಕೊಡಿಸಿ. ಅದರಲ್ಲಿ ದತ್ತು ಅನ್ನುವ ಪದ ಬೇಡ. ಆದೇಶದ ಸಂಖ್ಯೆ, ಎರಡು ಹೆಸರು, ಒಂದು ಮೊಹರು. ಅದೊಂದಿದ್ದರೆ ಅಫಿಡವಿಟ್ಟೂ ಬೇಡ, ಪೇಪರಿನ ಜಾಹೀರಾತೂ ಬೇಡ.

ಜನನ ನೋಂದಣಿ ಮಾಡುವವರಿಗೂ ಶಾಲೆಗಳಿಗೂ ಒಂದು ಸುತ್ತೋಲೆ ಹೊರಡಿಸಿ. ಜಿಲ್ಲಾಧಿಕಾರಿಗಳ ಆದೇಶವೇ ಸಾಕು, ಕೋರ್ಟ್ ಆದೇಶ ಕೇಳಬೇಡಿ, ಷರಾದಲ್ಲಿ ದತ್ತು ಅಂತ ಬರೆಯಬೇಡಿ, ಈಗಾಗಲೇ ಬರೆದಿದ್ದರೆ ವರ್ಗಾವಣೆ ಪತ್ರಕ್ಕೆ ಇಳಿಸಬೇಡಿ, ಕೌಂಟರಿನಲ್ಲಿ ಜೋರಾಗಿ ಓದಬೇಡಿ ಅಂತ ಅದರಲ್ಲಿರಲಿ.

ನಮ್ಮ ಮಗಳ ವಿಷಯದಲ್ಲಿ ಉಳಿದಿರುವುದು ಶಾಲೆಯ ಪುಸ್ತಕದ ಆ ಷರಾ ಒಂದೇ. ಅದನ್ನು ಬದಲಿಸಿಕೊಡಿ ಅಂತ ಬರೆದ ಅರ್ಜಿಯ ಸ್ವೀಕೃತಿ ನನ್ನ ಬಳಿ ಇದೆ. ಸುತ್ತೋಲೆ ಬಂದ ದಿನ ಅದರ ಪ್ರತಿ ಹಿಡಿದು ಮತ್ತೆ ಶಾಲೆಗೆ ಹೋಗುತ್ತೇನೆ.

ವಂದನೆಗಳೊಂದಿಗೆ,

ಒಬ್ಬ ತಾಯಿ
ಮಂಡ್ಯ ಜಿಲ್ಲೆ